ಜಾಸ್ತಿ ಕೊಂದ ಬ್ಯಾಚ್: ಒಂದು ಎಡಿಸಿಸಿ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಒಂದು ಬಯೋಸಿಮಿಲರ್ ಲ್ಯಾಬಿನಲ್ಲಿ, ಅಂದರೆ ಈಗಾಗಲೇ ಇರುವ ಜೈವಿಕ ಔಷಧಕ್ಕೆ ಸರಿಸಮನಾದದ್ದನ್ನು ತಯಾರಿಸುವ ಕಡೆ, ನಡೆದ ಪ್ರಕರಣ ಇದು. ಕಂಪನಿಯ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ಯಾವುದು ಜಾಸ್ತಿ, ಯಾವುದು ಕಮ್ಮಿ, ಎಷ್ಟರಮಟ್ಟಿಗೆ ಎಂಬುದು ಮಾತ್ರ ನಡೆದ ಹಾಗೇ ಇದೆ.

ಔಷಧ ರಿಟಕ್ಸಿಮ್ಯಾಬ್‌ನ ಬಯೋಸಿಮಿಲರ್. ರಿಟಕ್ಸಿಮ್ಯಾಬ್ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಂಟಿಬಾಡಿ. ಬಿ ಕೋಶಗಳೆಂಬ ಬಿಳಿ ರಕ್ತಕೋಶಗಳ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಕೆಟ್ಟ ಬಿ ಕೋಶಗಳನ್ನು ತೆಗೆಯಲು ಇದನ್ನು ಕೊಡುತ್ತಾರೆ.

ಹಿಡಿದುಕೊಂಡ ಮಾತ್ರಕ್ಕೆ ಕೋಶ ಸಾಯುತ್ತದೆ ಅಂತೇನಿಲ್ಲ. ಆಂಟಿಬಾಡಿಯ ಎರಡು ಕೈಗಳು ಸಿಡಿ20ಯನ್ನು ಹಿಡಿದಿದ್ದರೆ, ಅದರ ಬಾಲ, ಅಂದರೆ ಎಫ್‌ಸಿ ಭಾಗ, ಹೊರಗೆ ಚಾಚಿಕೊಂಡಿರುತ್ತದೆ. ರೋಗನಿರೋಧಕ ವ್ಯವಸ್ಥೆಯ ಕೊಲ್ಲುವ ಕೋಶಗಳಾದ ಎನ್‌ಕೆ ಕೋಶಗಳ ಮೇಲೆ ಸಿಡಿ16 ಎಂಬ ಎಫ್‌ಸಿ ರಿಸೆಪ್ಟರ್ ಇದೆ. ಅದು ಈ ಬಾಲವನ್ನು ಹಿಡಿಯುತ್ತದೆ. ಒಂದು ಬಾಲಕ್ಕೆ ಒಂದು ರಿಸೆಪ್ಟರ್ ಅಂಟಿದರೆ ಆ ಹಿಡಿತ ತೀರಾ ಸಡಿಲ, ಕ್ಷಣದಲ್ಲಿ ಬಿಟ್ಟುಹೋಗುತ್ತದೆ. ನಮ್ಮ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 10 ಮಿಲಿಗ್ರಾಂ ಐಜಿಜಿ ಎಂಬ ಇದೇ ಬಗೆಯ ಆಂಟಿಬಾಡಿ ಸದಾ ತೇಲುತ್ತಿದ್ದರೂ ಎನ್‌ಕೆ ಕೋಶಗಳು ಸುಮ್ಮನಿರುವುದು ಇದಕ್ಕೇ. ಆದರೆ ಒಂದೇ ಗುರಿಕೋಶದ ಮೇಲೆ ಸಾವಿರಾರು ಆಂಟಿಬಾಡಿ ಒತ್ತೊತ್ತಾಗಿ ಕೂತಿದ್ದರೆ ಕಥೆ ಬೇರೆ. ರಿಸೆಪ್ಟರ್‌ಗಳೂ ಅಲ್ಲಿಗೇ ಬಂದು ಗುಂಪುಗೂಡುತ್ತವೆ. ಆ ಗುಂಪಿನಿಂದಲೇ ಎನ್‌ಕೆ ಕೋಶದೊಳಗೆ ಸಂಕೇತ ಹೊರಡುತ್ತದೆ. ಕೋಶ ತನ್ನ ಸಣ್ಣ ಚೀಲಗಳನ್ನು ಗುರಿಕೋಶದ ಕಡೆಗೆ ತಿರುಗಿಸಿ ಖಾಲಿ ಮಾಡುತ್ತದೆ. ಚೀಲದಲ್ಲಿರುವ ಪರ್ಫೋರಿನ್ ಗುರಿಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ, ಗ್ರಾಂಜೈಮ್ ಒಳಗೆ ಹೋಗಿ ಕೋಶವನ್ನು ಸಾಯಿಸುತ್ತದೆ. ಇದಕ್ಕೇ ಎಡಿಸಿಸಿ ಎನ್ನುವುದು.

ಎಫ್‌ಸಿ ರಿಸೆಪ್ಟರ್ ಇಲ್ಲದಿದ್ದರೆ ಏನಾಗುತ್ತದೆ ಎಂದು 2000ದಲ್ಲಿ ಇಲಿಗಳಲ್ಲಿ ನೋಡಿದ್ದರು. ಕೊಲ್ಲುವ ಸಂಕೇತ ಕೊಡುವ ರಿಸೆಪ್ಟರ್‌ಗಳಿಲ್ಲದ ಇಲಿಗಳಲ್ಲಿ ರಿಟಕ್ಸಿಮ್ಯಾಬ್, ಟ್ರಾಸ್ಟುಜುಮ್ಯಾಬ್ ಎರಡೂ ಗೆಡ್ಡೆಯ ವಿರುದ್ಧ ತಮ್ಮ ಬಲದ ದೊಡ್ಡ ಪಾಲು ಕಳೆದುಕೊಂಡವು. ಆಂಟಿಬಾಡಿ ಅದೇ, ಗುರಿ ಅದೇ. ನಡುವಿನ ಕೊಂಡಿ ಮಾತ್ರ ಇರಲಿಲ್ಲ.

ಸಮಸ್ಯೆ

ಲ್ಯಾಬಿನಲ್ಲಿ, ಆಂಟಿಬಾಡಿ ತಯಾರಿಸುವ ಕೋಶಗಳನ್ನು ಬೆಳೆಸುವ ಸಣ್ಣ ಬಯೋರಿಯಾಕ್ಟರಿನಿಂದ ದೊಡ್ಡದಕ್ಕೆ ಹೋಗುವ ಕೆಲಸ ನಡೆದಿತ್ತು. ಜೊತೆಗೆ ಇಳುವರಿ ಹೆಚ್ಚಿಸಲು ಪ್ರೊಸೆಸ್ ತಂಡದವರು ಕೋಶಗಳ ಆಹಾರವಾದ ಫೀಡ್ ಕೂಡ ಬದಲಿಸಿದ್ದರು. ಮೊದಲ ದೊಡ್ಡ ಬ್ಯಾಚಿನ ಇಳುವರಿ ಚೆನ್ನಾಗಿ ಬಂತು. ಮೂಲ ಔಷಧವನ್ನು 100 ಎಂದು ಇಟ್ಟುಕೊಂಡರೆ ಈ ಬ್ಯಾಚ್ ಸಿಡಿ20ಯನ್ನು ಹಿಡಿಯುವುದರಲ್ಲಿ 99. ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನುಗಳ ಮೂಲಕ ಕೊಲ್ಲುವುದರಲ್ಲಿ 88, ಅದೂ ಮಿತಿಯೊಳಗೇ. ಎಡಿಸಿಸಿಯಲ್ಲಿ ಮಾತ್ರ 170.

ಪ್ರೊಸೆಸ್ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಮೀಟಿಂಗಿನಲ್ಲಿ ನೇರವಾಗಿ ಕೇಳಿದರು: "ಜಾಸ್ತಿ ಕೊಂದ್ರೆ ಒಳ್ಳೇದೇ ಅಲ್ವಾ ಸರ್?"

ಪ್ರಶ್ನೆ ಪೆದ್ದು ಪ್ರಶ್ನೆಯೇನಲ್ಲ. ಎಡಿಸಿಸಿ ಜಾಸ್ತಿ ಆಗಲೆಂದೇ ತಯಾರಿಸಿದ ಆಂಟಿಬಾಡಿಗಳಿವೆ. ಒಬಿನುಟುಜುಮ್ಯಾಬ್ ಅಂಥದ್ದು, ಮೊಗಮುಲಿಜುಮ್ಯಾಬ್ ಅಂಥದ್ದು. ಆದರೆ ಅವು ಹೊಸ ಔಷಧಗಳು. ಅವುಗಳ ಡೋಸನ್ನು ಅವುಗಳ ಮೇಲೆಯೇ ಪರೀಕ್ಷೆ ಮಾಡಿ ಗೊತ್ತುಮಾಡಿದ್ದಾರೆ. ಬಯೋಸಿಮಿಲರ್ ಹಾಗಲ್ಲ. ಮೂಲ ಔಷಧದ ಡೋಸ್, ಅದರ ಅಡ್ಡಪರಿಣಾಮ, ಅದರ ಇಡೀ ಇತಿಹಾಸವನ್ನು ಸಾಲ ಪಡೆದು ಬರುವಂಥದ್ದು ಅದು. ಎನ್‌ಕೆ ಕೋಶಗಳು ಕೆರಳಿದಾಗ ಕೊಲ್ಲುವುದಷ್ಟೇ ಅಲ್ಲ, ಸೈಟೊಕೈನ್ ಎಂಬ ಉರಿಯೂತದ ಸಂಕೇತಗಳನ್ನೂ ಬಿಡುತ್ತವೆ. ಮೊದಲ ಡ್ರಿಪ್ ಹಾಕುವಾಗ ರೋಗಿಗೆ ಬರುವ ಚಳಿ, ಜ್ವರದ ಹಿಂದೆ ಅವುಗಳ ಪಾಲೂ ಇದೆ. ಆದ್ದರಿಂದ 170 ಎಂಬುದು ನಮಗೆ ಖುಷಿಯ ಸುದ್ದಿ ಆಗಿರಲಿಲ್ಲ. ಅದು ಉತ್ತರ ಕೊಡಬೇಕಾದ ಪ್ರಶ್ನೆಯಾಗಿತ್ತು.

ಮೊದಲ ಅನುಮಾನ ಅಸ್ಸೇ ಮೇಲೆ

ಎಡಿಸಿಸಿ ಅಳೆಯುವ ಪರೀಕ್ಷೆಯಾದ ಅಸ್ಸೇ ಬಗ್ಗೆ ಯಾರಿಗೂ ಪೂರ್ತಿ ನಂಬಿಕೆ ಇರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಗುರಿಕೋಶಗಳಿಗೆ ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣ ತುಂಬುತ್ತೇವೆ. ಆಂಟಿಬಾಡಿ ಹಾಕುತ್ತೇವೆ. ಮೇಲಿಂದ ದಾನಿಯ ರಕ್ತದಿಂದ ತೆಗೆದ ಬಿಳಿ ಕೋಶಗಳನ್ನು, ಒಂದು ಗುರಿಕೋಶಕ್ಕೆ 25ರಂತೆ, ಸೇರಿಸುತ್ತೇವೆ. 25 ಯಾಕೆಂದರೆ ಆ ಬಿಳಿ ಕೋಶಗಳಲ್ಲಿ ಎನ್‌ಕೆ ಇರುವುದು ಹತ್ತಕ್ಕೊಂದರ ಆಸುಪಾಸು. 4 ಗಂಟೆ ಬಿಟ್ಟು, ಎಷ್ಟು ಬಣ್ಣ ಹೊರಗೆ ಸೋರಿದೆ ಎಂದು ಅಳೆಯುತ್ತೇವೆ. ಏನೂ ಮಾಡದೆ ತಾನಾಗಿ ಸೋರಿದ ಬಣ್ಣ ಕೆಳಗಿನ ಗೆರೆ, ಸೋಪಿನಂಥ ಟ್ರೈಟಾನ್ ಹಾಕಿ ಎಲ್ಲ ಕೋಶ ಒಡೆದಾಗ ಬಂದ ಬಣ್ಣ ಮೇಲಿನ ಗೆರೆ. ನಮ್ಮ ಉತ್ತರ ಈ ಎರಡರ ನಡುವೆ.

ಇಲ್ಲಿ ಎಲ್ಲಕ್ಕಿಂತ ನೆಚ್ಚಿಕೊಳ್ಳಲಾಗದ ವಸ್ತು ದಾನಿಯ ಕೋಶ. ಇನ್ನೊಬ್ಬ ದಾನಿಯ ಕೋಶದಲ್ಲಿ ಮಾಡಿ ನೋಡಿದರೆ ಬಂದದ್ದು 125. ಮತ್ತೊಬ್ಬರದರಲ್ಲಿ ಮೂಲ ಔಷಧವೂ ಕೊಲ್ಲಲಿಲ್ಲ, ನಮ್ಮ ಬ್ಯಾಚೂ ಕೊಲ್ಲಲಿಲ್ಲ. "ಅಸ್ಸೇನೇ ಸರಿ ಇಲ್ಲ, ಸುಮ್ನೆ ತಲೆ ಕೆಡಿಸ್ಕೋತಿದ್ದೀವಿ" ಎಂಬ ಮಾತು ಶುರುವಾಯಿತು. ಈ ಪ್ರಕರಣ ಅಲ್ಲೇ ಮುಚ್ಚಿಹೋಗುವ ಎಲ್ಲ ಸಾಧ್ಯತೆಯೂ ಇತ್ತು.

ಮುಚ್ಚದಂತೆ ತಡೆದದ್ದು ಅಸ್ಸೇ ನಡೆಸುತ್ತಿದ್ದ ಹಿರಿಯ ಮೇಡಂ ಮಾಡಿದ ಎರಡು ಕೆಲಸ. ಒಂದು, ಏನೂ ಕೊಲ್ಲದ ದಾನಿಯ ಎನ್‌ಕೆ ಕೋಶಗಳನ್ನು ಫ್ಲೋ ಸೈಟೋಮೀಟರಿನಲ್ಲಿ ಹಾಕಿ ಸಿಡಿ16 ಎಷ್ಟಿದೆ ಎಂದು ನೋಡಿದರು. ಬಹುಪಾಲು ಉದುರಿಹೋಗಿತ್ತು. ಎನ್‌ಕೆ ಕೋಶ ಕೆರಳಿದರೆ ಆ್ಯಡಮ್17 ಎಂಬ ಕಿಣ್ವ ಸಿಡಿ16ನ್ನು ಬುಡದಲ್ಲೇ ಕತ್ತರಿಸಿ ಹಾಕುತ್ತದೆ. ಆ ಕೋಶಗಳನ್ನು ಫ್ರೀಜ್ ಮಾಡಿ ಕರಗಿಸುವ ಹೊತ್ತಿಗೆ ಹೀಗಾಗಿತ್ತು. ಕೋಶ ಜೀವಂತವಾಗಿದೆಯೇ ಎಂದು ನೋಡಿದರೆ ನೂರಕ್ಕೆ 90ರಷ್ಟು ಜೀವಂತ, ಎನ್‌ಕೆ ಗುರುತು ನೋಡಿದರೆ ಅದೂ ಇದೆ. ಆದರೆ ಆಂಟಿಬಾಡಿಯನ್ನು ಹಿಡಿಯುವ ರಿಸೆಪ್ಟರೇ ಇಲ್ಲ! ಆ ದಾನಿಯ ಫಲಿತಾಂಶವನ್ನು ಬದಿಗಿಟ್ಟರು.

ಎರಡನೆಯದು, ಉಳಿದ ಇಬ್ಬರು ದಾನಿಗಳ ಜೀನ್ ಪರೀಕ್ಷೆ. ಸಿಡಿ16ರ 158ನೇ ಜಾಗದಲ್ಲಿ ಕೆಲವರಿಗೆ ವ್ಯಾಲಿನ್, ಕೆಲವರಿಗೆ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ಇರುತ್ತದೆ. ವ್ಯಾಲಿನ್ ಇದ್ದರೆ ರಿಸೆಪ್ಟರ್ ಐಜಿಜಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದಿದ್ದರೆ ಸಡಿಲ. ಇದು ರೋಗಿಗಳಲ್ಲೂ ಕಂಡ ವಿಷಯ. 2002ರಲ್ಲಿ ಫ್ರಾನ್ಸಿನಲ್ಲಿ ಫಾಲಿಕ್ಯುಲರ್ ಲಿಂಫೋಮಾದ 49 ರೋಗಿಗಳನ್ನು ನೋಡಿದಾಗ, ತಂದೆ ತಾಯಿ ಇಬ್ಬರಿಂದಲೂ ವ್ಯಾಲಿನ್ ರೂಪ ಪಡೆದವರೆಲ್ಲರಿಗೂ ರಿಟಕ್ಸಿಮ್ಯಾಬ್ 2 ತಿಂಗಳಲ್ಲಿ ಕೆಲಸ ಮಾಡಿತ್ತು. ಉಳಿದವರಲ್ಲಿ ಅದು ನೂರಕ್ಕೆ 67.

ನಮ್ಮ 125 ಬಂದ ದಾನಿಯಲ್ಲಿ ಎರಡೂ ವ್ಯಾಲಿನ್. 170 ಬಂದ ದಾನಿಯಲ್ಲಿ ಎರಡೂ ಫಿನೈಲ್‌ಅಲನಿನ್. ಅಲ್ಲಿಗೆ ಗೊಂದಲದ ಅರ್ಧ ಕರಗಿತು. ಬಿಗಿಯಾಗಿ ಹಿಡಿಯುವ ರಿಸೆಪ್ಟರ್ ಇರುವವರಲ್ಲಿ ಮೂಲ ಔಷಧವೇ ಚೆನ್ನಾಗಿ ಕೊಲ್ಲುತ್ತದೆ, ಮೇಲೇರಲು ಜಾಗ ಕಮ್ಮಿ. ಸಡಿಲ ರಿಸೆಪ್ಟರ್ ಇರುವವರಲ್ಲಿ ಮೂಲ ಔಷಧ ಕೆಳಗೆ ಉಳಿಯುತ್ತದೆ, ನಮ್ಮ ಬ್ಯಾಚ್ ಮೇಲೆ ಹೋಗುತ್ತದೆ. ಎರಡು ಅಂಕಿ ಬೇರೆ ಬೇರೆ ಬಂದದ್ದು ಅಸ್ಸೇ ಕೆಟ್ಟಿದ್ದಕ್ಕಲ್ಲ. ಎರಡೂ ಒಂದೇ ಮಾತನ್ನು ಹೇಳುತ್ತಿದ್ದವು: ಬದಲಾವಣೆ ಆಗಿರುವುದು ಆಂಟಿಬಾಡಿಯ ಬಾಲದಲ್ಲಿ.

ಇನ್ನೊಂದು ಮಾತು. ಹಳೆಯ ಪದ್ಧತಿಯಂತೆ ಒಂದೇ ದೊಡ್ಡ ಸಾಂದ್ರತೆಯಲ್ಲಿ ಅಳೆದಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಂಟಿಬಾಡಿ ಧಾರಾಳವಾಗಿದ್ದಾಗ ಮೂಲ ಔಷಧದ್ದು, ನಮ್ಮದು ಎರಡೂ ಗೆರೆಗಳು ಮೇಲೆ ಹೋಗಿ ಒಂದೇ ಮಟ್ಟದಲ್ಲಿ ಚಪ್ಪಟೆಯಾಗುತ್ತಿದ್ದವು. ಆಂಟಿಬಾಡಿ ವಿರಳವಾದ ಕಡೆ ಮಾತ್ರ ನಮ್ಮ ಗೆರೆ ಎಡಕ್ಕೆ ಸರಿದಿತ್ತು, ಅಂದರೆ ಅಷ್ಟೇ ಕೋಶ ಕೊಲ್ಲಲು ಕಡಿಮೆ ಔಷಧ ಸಾಕಾಗಿತ್ತು. ಪೂರ್ತಿ ಗೆರೆ ಬರೆದು ನೋಡುವುದಕ್ಕೆ ಪ್ಲೇಟುಗಳು ಜಾಸ್ತಿ ಬೇಕು, ಕೋಶ ಜಾಸ್ತಿ ಬೇಕು. ಖರ್ಚು ಉಳಿಸಲು ಹೊರಟರೆ ಮೊದಲು ಕತ್ತರಿ ಬೀಳುವುದೇ ಇಲ್ಲಿ.

ಕೊಂಡಿಯನ್ನೇ ಪರೀಕ್ಷೆಗೆ ಹಚ್ಚಿದ್ದು

ಈ ಹೆಚ್ಚುವರಿ ಕೊಲೆ ನಿಜಕ್ಕೂ ಸಿಡಿ16 ಮೂಲಕವೇ ಆಗುತ್ತಿದೆಯೇ? ಅದನ್ನು ಖಚಿತ ಮಾಡಿಕೊಳ್ಳಲು ಸಿಡಿ16ನ್ನು ಮುಚ್ಚುವ 3ಜಿ8 ಎಂಬ ಆಂಟಿಬಾಡಿ ಹಾಕಿದರು. ಇಲ್ಲಿ ಒಂದು ಸೂಕ್ಷ್ಮ ಇದೆ. 3ಜಿ8 ಕೂಡ ಆಂಟಿಬಾಡಿಯೇ, ಅದಕ್ಕೂ ಬಾಲ ಇದೆ. ಇಡಿಯಾಗಿ ಹಾಕಿದರೆ ಅದರ ಬಾಲವೂ ಬೇರೆ ರಿಸೆಪ್ಟರ್‌ಗಳನ್ನು ಹಿಡಿದು ಫಲಿತಾಂಶ ಕಲಸಿಬಿಡುತ್ತದೆ. ಹಾಗಾಗಿ ಬಾಲ ಕತ್ತರಿಸಿದ ತುಂಡನ್ನೇ ಬಳಸಿದರು. ಅದನ್ನು ಹಾಕಿದ ಕೂಡಲೇ ಎರಡೂ ಗೆರೆಗಳು ಬಹುತೇಕ ನೆಲಕ್ಕಿಳಿದವು. ಕೊಲೆ ನಡೆಯುತ್ತಿದ್ದುದು ಸಿಡಿ16 ಮೂಲಕವೇ.

ಮುಂದಿನ ಹೆಜ್ಜೆ ಕೋಶಗಳನ್ನೇ ಬಿಟ್ಟು, ರಿಸೆಪ್ಟರನ್ನು ಒಂದು ಚಿಪ್ ಮೇಲೆ ಕೂರಿಸಿ ಅದರ ಮೇಲೆ ಆಂಟಿಬಾಡಿ ಹರಿಸುವುದು. ಸಿಡಿ16ಗೆ ನಮ್ಮ ಬ್ಯಾಚ್ ಹೆಚ್ಚು ಬಿಗಿಯಾಗಿ ಅಂಟಿತು. ಆದರೆ ಸಿಡಿ64 ಎಂಬ ಇನ್ನೊಂದು ಎಫ್‌ಸಿ ರಿಸೆಪ್ಟರಿಗೆ ಎರಡೂ ಒಂದೇ ಥರ ಅಂಟಿದವು. ಬಾಲದ ಪ್ರೋಟೀನೇ ಮುದುಡಿಯೋ ಮುರಿದೋ ಹೋಗಿದ್ದರೆ ಎರಡು ಕಡೆಯೂ ಏರುಪೇರು ಕಾಣಬೇಕಿತ್ತು. ಸಿಡಿ16 ಒಂದರಲ್ಲೇ ಕಂಡರೆ ಈ ಕ್ಷೇತ್ರದವರು ಮೊದಲು ನೋಡುವುದು ಸಕ್ಕರೆಯನ್ನು.

ಐಜಿಜಿಯ ಬಾಲದಲ್ಲಿ 297ನೇ ಜಾಗದಲ್ಲಿ ಸಕ್ಕರೆಗಳ ಒಂದು ಸಣ್ಣ ಕವಲು ಅಂಟಿಕೊಂಡಿರುತ್ತದೆ, ಬಾಲವಾಗುವ ಎರಡು ಭಾರ ಸರಪಳಿಗಳಿಗೂ ಒಂದೊಂದು. ಅದರ ಬುಡದಲ್ಲಿ ಸಾಮಾನ್ಯವಾಗಿ ಫ್ಯೂಕೋಸ್ ಎಂಬ ಒಂದು ಪುಟ್ಟ ಸಕ್ಕರೆ ಇರುತ್ತದೆ. ಸಿಡಿ16ಗೂ ತನ್ನದೇ ಸಕ್ಕರೆ ಇದೆ, 162ನೇ ಜಾಗದಲ್ಲಿ. ಎರಡೂ ಹತ್ತಿರ ಬಂದಾಗ ಈ ಸಕ್ಕರೆಗಳು ಒಂದಕ್ಕೊಂದು ತಾಗಿ ಕೂರಬೇಕು. ಫ್ಯೂಕೋಸ್ ಇದ್ದರೆ ಅದು ಚಪ್ಪಲಿಯೊಳಗೆ ಸಿಕ್ಕ ಸಣ್ಣ ಕಲ್ಲಿನ ಥರ, ಪಾದ ಪೂರ್ತಿ ಊರುವುದಿಲ್ಲ. ಅದನ್ನು ತೆಗೆದರೆ ಸಿಡಿ16 ಜೊತೆಗಿನ ಹಿಡಿತ 50 ಪಟ್ಟಿನವರೆಗೂ ಹೆಚ್ಚಬಹುದು ಎಂದು 2002ರಲ್ಲೇ ತೋರಿಸಿದ್ದರು. ಸಿಡಿ64ಗೆ ಈ ಫ್ಯೂಕೋಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ತಿರುವು

ಸಕ್ಕರೆಗಳನ್ನು ಬಿಡಿಸಿ ಅಳೆದಾಗ ಎಲ್ಲರೂ ನಿರೀಕ್ಷಿಸಿದ್ದು ಫ್ಯೂಕೋಸ್ ಇಲ್ಲದ, ಉಳಿದಂತೆ ಪೂರ್ಣವಾಗಿ ಬೆಳೆದ ಕವಲು ಜಾಸ್ತಿ ಇರುತ್ತದೆ ಎಂದು. ಅದು ಎರಡರಲ್ಲೂ ಸಮ ಇತ್ತು. ಬದಲಾಗಿದ್ದು ಮ್ಯಾನೋಸ್-5 ಎಂಬ ಅರ್ಧಕ್ಕೇ ನಿಂತ ಕವಲು. ಮೂಲ ಔಷಧದಲ್ಲಿ ನೂರಕ್ಕೆ 2, ನಮ್ಮ ಬ್ಯಾಚಿನಲ್ಲಿ 9.

ಕೋಶದೊಳಗೆ ಸಕ್ಕರೆ ಕಟ್ಟುವ ಕ್ರಮ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಕವಲನ್ನು ಮೊದಲು ಕೋಶದ ಕಿಣ್ವಗಳು ಐದು ಮ್ಯಾನೋಸ್ ಉಳಿಯುವವರೆಗೆ ಕತ್ತರಿಸುತ್ತವೆ. ಆಮೇಲೆ ಜಿಎನ್‌ಟಿ-1 ಎಂಬ ಕಿಣ್ವ ಅದಕ್ಕೊಂದು ಹೊಸ ಸಕ್ಕರೆ ಸೇರಿಸುತ್ತದೆ. ಅದು ಸೇರಿದ ಮೇಲಷ್ಟೇ ಫ್ಯೂಕೋಸ್ ಹಚ್ಚುವ ಕಿಣ್ವಕ್ಕೆ ಕೆಲಸ. ಜಿಎನ್‌ಟಿ-1 ಹಂತ ತಪ್ಪಿದರೆ ಕವಲು ಮ್ಯಾನೋಸ್-5 ಆಗಿಯೇ ಹೊರಬರುತ್ತದೆ, ಫ್ಯೂಕೋಸ್ ಇಲ್ಲದೆ.

ಕಾಂಪ್ಲಿಮೆಂಟಿನ 88 ಈಗ ನೆನಪಿಗೆ ಬಂತು. ಮಿತಿಯೊಳಗಿದೆ ಎಂದು ಎಲ್ಲರೂ ಅದನ್ನು ದಾಟಿ ಹೋಗಿದ್ದರು. ಮ್ಯಾನೋಸ್-5 ಇರುವ ಬಾಲ ಕಾಂಪ್ಲಿಮೆಂಟಿನ ಸಿ1ಕ್ಯೂ ಪ್ರೋಟೀನನ್ನು ಅಷ್ಟಾಗಿ ಹಿಡಿಯುವುದಿಲ್ಲ. ಎಡಿಸಿಸಿ ಏರಿ, ಜೊತೆಗೆ ಕಾಂಪ್ಲಿಮೆಂಟ್ ಸ್ವಲ್ಪ ಇಳಿದಿದ್ದರೆ ಅನುಮಾನ ಮ್ಯಾನೋಸ್ ಕಡೆ ಹೋಗಬೇಕು. ಎಡಿಸಿಸಿ ಮಾತ್ರ ಏರಿದ್ದರೆ ಫ್ಯೂಕೋಸ್ ಹಚ್ಚುವ ಹಂತದ ಕಡೆ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಕಲಿಯಲು ಸಿಕ್ಕ ಅತಿ ಉಪಯೋಗದ ಸಂಗತಿ ಇದೇ. ಎರಡು ಅಂಕಿಗಳನ್ನು ಬೇರೆ ಬೇರೆ ಪಾಸ್ ಮಾಡಿ ಮುಂದೆ ಹೋಗುವವರಿಗೆ ಅವು ಒಟ್ಟಿಗೆ ಏನು ಹೇಳುತ್ತಿವೆ ಎಂಬುದು ಕೇಳಿಸುವುದಿಲ್ಲ.

ಆದರೂ ಒಂದು ಆಕ್ಷೇಪ ಬಂತು, ಸರಿಯಾದ ಆಕ್ಷೇಪವೇ. ನೂರರಲ್ಲಿ 7 ಜಾಸ್ತಿಯಾದ ಮಾತ್ರಕ್ಕೆ ಎಡಿಸಿಸಿ 70 ಜಾಸ್ತಿ ಆಗುತ್ತದೆಯೇ? ಇದಕ್ಕೆ ಎರಡು ಉತ್ತರ. ಒಂದು ಆಂಟಿಬಾಡಿಗೆ ಎರಡು ಸರಪಳಿ, ಒಂದರಲ್ಲಿ ಫ್ಯೂಕೋಸ್ ಇಲ್ಲದಿದ್ದರೂ ಸಿಡಿ16 ಬಿಗಿಯಾಗಿ ಹಿಡಿಯುತ್ತದೆ. ಸರಪಳಿಗಳು ಹೇಗೆಂದರೆ ಹಾಗೆ ಜೊತೆಯಾಗುತ್ತವೆ ಎಂದುಕೊಂಡರೆ, ಎರಡೂ ಸಾಮಾನ್ಯ ಸರಪಳಿಯೇ ಆಗುವ ಸಾಧ್ಯತೆ 0.91 × 0.91, ಅಂದರೆ 0.83. ಹಾಗಾದರೆ ಕನಿಷ್ಠ ಒಂದು ಮ್ಯಾನೋಸ್-5 ಇರುವ ಅಣುಗಳು ನೂರಕ್ಕೆ 17. ಮೂಲ ಔಷಧದಲ್ಲಿ ಅದೇ ಲೆಕ್ಕ 4. ಎರಡನೆಯ ಉತ್ತರ, ಔಷಧ ವಿರಳವಾಗಿರುವಾಗ ರಿಸೆಪ್ಟರನ್ನು ಗೆಲ್ಲುವುದು ಬಿಗಿಯಾಗಿ ಹಿಡಿಯುವ ಆ ಕೆಲವೇ ಅಣುಗಳು. ಸರಾಸರಿ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಲೆಕ್ಕದಲ್ಲಿ ಹೊಂದಿದರೆ ಸಾಲದು ಎಂದು ಇನ್ನೊಂದು ಪ್ರಯೋಗ ಮಾಡಿದರು. ನನಗೆ ಬಹಳ ಇಷ್ಟವಾದದ್ದು ಇದು. ಎಂಡೋ ಎಚ್ ಎಂಬ ಕಿಣ್ವ ಮ್ಯಾನೋಸ್ ಜಾಸ್ತಿ ಇರುವ ಕವಲನ್ನು ಮಾತ್ರ ಕತ್ತರಿಸುತ್ತದೆ, ಪೂರ್ಣ ಬೆಳೆದ ಕವಲನ್ನು ಮುಟ್ಟುವುದಿಲ್ಲ. ನಮ್ಮ ಬ್ಯಾಚಿಗೆ ಅದನ್ನು ಹಾಕಿ ಮತ್ತೆ ಎಡಿಸಿಸಿ ಅಳೆದರೆ 170 ಇದ್ದದ್ದು 105ಕ್ಕೆ ಇಳಿಯಿತು. ಅದೇ ಬಿಸಿಯಲ್ಲಿ ಅಷ್ಟೇ ಹೊತ್ತು, ಕಿಣ್ವವಿಲ್ಲದೆ ಇಟ್ಟ ಪಾಲು 170ರಲ್ಲೇ ಉಳಿಯಿತು. ಕಿಣ್ವ ಹಾಕಿದ ಮೂಲ ಔಷಧವೂ ಹೆಚ್ಚುಕಮ್ಮಿ ತನ್ನ 100ರಲ್ಲೇ. ಅಲ್ಲಿಗೆ ಆರೋಪಿ ಯಾರೆಂಬ ವಾದ ಮುಗಿಯಿತು.

ಬಯೋರಿಯಾಕ್ಟರಿನಲ್ಲಿ ಆಗಿದ್ದೇನು

ಬ್ಯಾಚ್ ದಾಖಲೆ ತೆಗೆದು ನೋಡಿದರೆ ಎರಡು ವಿಷಯ ಎದ್ದು ಕಂಡವು. ಹೊಸ ಫೀಡ್ ಗಟ್ಟಿಯಾಗಿತ್ತು, ಅದನ್ನು ದೊಡ್ಡ ಕಂತುಗಳಲ್ಲಿ ಹಾಕಿದ್ದರು. ಹಾಗಾಗಿ ದ್ರವದ ಆಸ್ಮೊಲಾಲಿಟಿ, ಅಂದರೆ ಅದರಲ್ಲಿ ಕರಗಿದ ಕಣಗಳ ಸಾಂದ್ರತೆ, ಕೊನೆಯ ದಿನಗಳಲ್ಲಿ ಮೊದಲಿಗಿಂತ ತುಂಬಾ ಮೇಲೇರಿತ್ತು. ಜೊತೆಗೆ ಇಳುವರಿ ಇನ್ನೂ ಏರುತ್ತಿದೆ ಎಂದು 14ನೇ ದಿನದ ಬದಲು 17ನೇ ದಿನ ಹಾರ್ವೆಸ್ಟ್ ಮಾಡಿದ್ದರು. ಆಂಟಿಬಾಡಿ ತಯಾರಿಸುವ ಸಿಎಚ್‌ಒ ಕೋಶಗಳಲ್ಲಿ ಈ ಎರಡೂ ಮ್ಯಾನೋಸ್-5 ಹೆಚ್ಚಿಸುತ್ತವೆ ಎಂಬುದು ಹಿಂದೆಯೇ ಪ್ರಕಟವಾದ ಸಂಗತಿ. ಇಟ್ಟಿದ್ದ ದಿನದಿನದ ಸ್ಯಾಂಪಲ್ ಅಳೆದಾಗ 12ನೇ ದಿನದಿಂದಾಚೆ ಮ್ಯಾನೋಸ್-5 ಏರುತ್ತಾ ಹೋಗಿದ್ದು ಕಂಡಿತು.

ತೀರ್ಮಾನ

ಬ್ಯಾಚನ್ನು ಬೇರೆ ಬ್ಯಾಚಿನೊಂದಿಗೆ ಬೆರೆಸಿ ಸರಾಸರಿ ತಗ್ಗಿಸೋಣ ಎಂಬ ಸಲಹೆ ಬಂದಿತ್ತು. ಒಪ್ಪಲಿಲ್ಲ. ಬೆರೆಸಿದರೆ ಅಂಕಿ ತಗ್ಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ಮ್ಯಾನೋಸ್ ಜಾಸ್ತಿ ಇರುವ ಆಂಟಿಬಾಡಿ ಮನುಷ್ಯರ ರಕ್ತದಿಂದ ಬೇಗ ಹೊರಟುಹೋಗುತ್ತದೆ ಎಂದು 2011ರಲ್ಲೇ ತೋರಿಸಿದ್ದಾರೆ. ಅಂದರೆ ಪ್ಲೇಟಿನಲ್ಲಿ 4 ಗಂಟೆ ಜೋರಾಗಿ ಕೊಲ್ಲುವ ಅಣುಗಳೇ ರೋಗಿಯ ಮೈಯಲ್ಲಿ ಬೇಗ ಮಾಯವಾಗುವಂಥವು. ಕಿರಿಯ ಸಹೋದ್ಯೋಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಇಲ್ಲಿ. ಎಡಿಸಿಸಿ ಅಸ್ಸೇಗೆ ರಕ್ತದಲ್ಲಿ ಉಳಿಯುವ ಕಾಲ ಕಾಣುವುದೇ ಇಲ್ಲ.

ಮುಂದಿನ ಬ್ಯಾಚಿನಲ್ಲಿ ಫೀಡನ್ನು ಸಣ್ಣ ಕಂತುಗಳಾಗಿ ಒಡೆದರು, ಹಾರ್ವೆಸ್ಟನ್ನು 14ನೇ ದಿನಕ್ಕೆ ತಂದರು. ಜಿಎನ್‌ಟಿ-1ಗೆ ಮ್ಯಾಂಗನೀಸ್ ಬೇಕು, ಹಾಗಾಗಿ ಅದನ್ನೂ ಅತಿ ಸಣ್ಣ ಪ್ರಮಾಣದಲ್ಲಿ ಸೇರಿಸಿದರು. ಇದರಲ್ಲಿ ಕೈ ಬಿಗಿ ಹಿಡಿಯಬೇಕು. ಮ್ಯಾಂಗನೀಸ್ ಜಾಸ್ತಿಯಾದರೆ ಕವಲಿನ ತುದಿಗೆ ಗ್ಯಾಲಕ್ಟೋಸ್ ಹೆಚ್ಚು ಸೇರಿ ಕಾಂಪ್ಲಿಮೆಂಟ್ ಅಂಕಿ ಮೇಲೆ ಹೋಗುತ್ತದೆ, ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತದೆ. ಇಳುವರಿ ಸ್ವಲ್ಪ ಇಳಿಯಿತು, ಪ್ರೊಸೆಸ್ ತಂಡಕ್ಕೆ ಬೇಸರವೂ ಆಯಿತು. ಮ್ಯಾನೋಸ್-5 ನೂರಕ್ಕೆ 2.5ಕ್ಕೆ ಬಂತು. ಎಡಿಸಿಸಿ 108, ಕಾಂಪ್ಲಿಮೆಂಟ್ 97.

ಲ್ಯಾಬಿನ ಪದ್ಧತಿಯಲ್ಲೂ ಕೆಲವು ಬದಲಾವಣೆ ಆದವು. ದಾನಿಯ ಕೋಶ ಬಳಸುವ ಮುನ್ನ 158ನೇ ಜಾಗದ ರೂಪ ಯಾವುದು, ಮೈಮೇಲೆ ಸಿಡಿ16 ಎಷ್ಟಿದೆ ಎಂದು ನೋಡುತ್ತಾರೆ. ಸಡಿಲ ರೂಪದ ದಾನಿ ಒಬ್ಬರಾದರೂ ಇರಲೇಬೇಕು. ಎಡಿಸಿಸಿ ಮತ್ತು ಕಾಂಪ್ಲಿಮೆಂಟ್ ಫಲಿತಾಂಶವನ್ನು ಒಂದೇ ಹಾಳೆಯಲ್ಲಿ, ಸಕ್ಕರೆ ಅಂಕಿಗಳ ಪಕ್ಕದಲ್ಲೇ ಬರೆಯುತ್ತಾರೆ.

ತಿರಸ್ಕರಿಸಿದ ಬ್ಯಾಚನ್ನು ಚೆಲ್ಲಲಿಲ್ಲ. ಸಣ್ಣ ಸಣ್ಣ ಟ್ಯೂಬುಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಟ್ಟಿದ್ದಾರೆ. ಪ್ರತಿ ಎಡಿಸಿಸಿ ಪ್ಲೇಟಿನಲ್ಲೂ ಅದು ಮೂಲ ಔಷಧದ ಜೊತೆ ಓಡುತ್ತದೆ. ಹೊಸ ದಾನಿಯ ಕೋಶಗಳು ಈ ಎರಡರ ನಡುವೆ ವ್ಯತ್ಯಾಸ ತೋರಿಸದಿದ್ದರೆ, ಆ ಪ್ಲೇಟಿನ ಉಳಿದ ಅಂಕಿಗಳನ್ನು ಯಾರೂ ಓದುವುದಿಲ್ಲ.